ನೋಟಿಸ್ ಪೀರಿಯಡ್‌ನಲ್ಲಿ ಮ್ಯಾನೇಜರ್ ತಿರುಗಿ ಬಿದ್ದಿದ್ದಾರೆ, "31ಕ್ಕೇ ಹೊರಡು" ಅನ್ನುತ್ತಿದ್ದಾರೆ. ಸಹಿ ಹಾಕಬೇಕಾ?

ಗೇಜ್ ರೂಮ್ (ಜುಲೈ 23, ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೋಲಾರ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೇನೆ. ಕಂಪನಿ ಹೆಸರು ಬೇಡ. ಜೂನ್ 30ಕ್ಕೆ ರಾಜೀನಾಮೆ ಮೇಲ್ ಕಳಿಸಿದೆ. ನೋಟಿಸ್ 60 ದಿನ. ಆ ಲೆಕ್ಕದಲ್ಲಿ ಆಗಸ್ಟ್ 29 ನನ್ನ ಕೊನೆ ದಿನ. ಎಚ್‌ಆರ್‌ನಿಂದ ಅದೇ ತಾರೀಖು ಹಾಕಿ ಒಪ್ಪಿಗೆ ಮೇಲ್ ಕೂಡ ಬಂದಿದೆ.

ನನ್ನ ಮ್ಯಾನೇಜರ್ ಮೊದಲು ಹೀಗಿರಲಿಲ್ಲ. ನನ್ನ ಮದುವೆಗೆ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ರಾಜೀನಾಮೆ ಕೊಟ್ಟ ಮಾರನೇ ದಿನದಿಂದ ಮುಖ ಕೊಟ್ಟು ಮಾತಾಡಿಲ್ಲ. ಬೆಳಿಗ್ಗೆ ಒಂಬತ್ತರ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ "ಇವನು ಹೇಗೂ ಓಡಿಹೋಗೋನು, ಇವನನ್ನ ಯಾಕೆ ಕೇಳ್ತೀರಾ" ಅನ್ನುತ್ತಾರೆ. ಮೂರು ವಾರದಲ್ಲಿ ಎರಡು ಸಲ ಶಿಫ್ಟ್ ಬದಲಾಯಿಸಿದ್ದಾರೆ. ಅದನ್ನೆಲ್ಲ ನುಂಗಿಕೊಂಡೆ.

ನಿನ್ನೆ ಒಂದು ಕಾಗದ ತಂದು ಮೇಜಿನ ಮೇಲಿಟ್ಟರು. "ಇಲ್ಲಿದ್ದು ಏನು ಮಾಡ್ತೀಯಾ, 31ಕ್ಕೇ ಬಿಡ್ತೀನಿ, ಸಹಿ ಹಾಕು, ಹೊಸ ಕಂಪನಿಗೆ ಬೇಗ ಸೇರ್ಕೋ" ಅಂದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ಇನ್ನು ಎಂಟು ದಿನ ಕಳೆದರೆ ಈ ಹಿಂಸೆ ಮುಗಿಯುತ್ತದಲ್ಲ ಅಂತ. "ಮನೆಯಲ್ಲಿ ಕೇಳಿ ಹೇಳ್ತೀನಿ ಸರ್" ಅಂತ ಹೇಳಿ ಬಂದಿದ್ದೇನೆ. ಹೊಸ ಕಂಪನಿಯವರು ಸೆಪ್ಟೆಂಬರ್ 1ಕ್ಕೆ ಬರಲು ಹೇಳಿದ್ದಾರೆ. ಮುಂಚೆ ಹೋದರೂ ಸೇರಿಸಿಕೊಳ್ಳುತ್ತಾರೋ ಗೊತ್ತಿಲ್ಲ.

ಸಹಿ ಹಾಕಿ ಹೊರಟುಬಿಡಲೇ?

ಬಂಗಾರಪೇಟೆ ಪ್ಯಾಸೆಂಜರ್

ಹಾಕಿ ಹೊರಡು ಗುರು. ಮನಸ್ಸಿನ ನೆಮ್ಮದಿಗಿಂತ ಒಂದು ತಿಂಗಳ ಸಂಬಳ ದೊಡ್ಡದಲ್ಲ. ನನಗೂ ಹೀಗೇ ಆಗಿತ್ತು. ನಾನು ಸಹಿಯನ್ನೂ ಹಾಕಲಿಲ್ಲ. ಒಂದು ದಿನ ಮೀಟಿಂಗ್‌ನಲ್ಲಿ ಬೈದರು, ಐಡಿ ಕಾರ್ಡ್ ಮೇಜಿನ ಮೇಲೆ ಎಸೆದು ರೈಲು ಹತ್ತಿಬಿಟ್ಟೆ. ಆ ದಿನ ಬಹಳ ಖುಷಿಯಾಗಿತ್ತು.

ಅಂತರಗಂಗೆ

ಇನ್ನೊಂದು ಉಪಾಯ ಇದೆ. ನಿಮ್ಮ ರಜೆ ಎಷ್ಟು ಉಳಿದಿದೆಯೋ ಅಷ್ಟನ್ನೂ ಹಾಕಿಬಿಡಿ. ರಜೆ ನಮ್ಮ ಹಕ್ಕು, ಅವರು ಬೇಡ ಅನ್ನುವ ಹಾಗಿಲ್ಲ. ಮನೆಯಲ್ಲೇ ಕೂತು ನೋಟಿಸ್ ಮುಗಿಸಿ.

ವೇಮಗಲ್ ಅಕ್ಕ

ಗೇಜ್ ರೂಮ್ ಅವರೇ, ಸಹಿ ಹಾಕಬೇಡಿ. ಮೊದಲು ಎರಡು ಪ್ರಶ್ನೆಗೆ ಉತ್ತರ ಕೊಡಿ. ನೀವು ಕಂಪನಿಗೆ ಸೇರಿದ ತಾರೀಖು ಯಾವುದು? ಆ ಕಾಗದದಲ್ಲಿ ಇರುವ ಸಾಲು ಏನು? ಅದರ ಅರ್ಥ ಬೇಡ, ಪದಕ್ಕೆ ಪದ ಬೇಕು.

ನಾನು ಹದಿನಾಲ್ಕು ವರ್ಷ ಫ್ಯಾಕ್ಟರಿಗಳ ಎಚ್‌ಆರ್‌ನಲ್ಲಿ ಕೆಲಸ ಮಾಡಿದವಳು. ಈ ಕಾಗದವನ್ನು ಮೇಜಿನ ಆ ಕಡೆ ಕೂತು ನೋಡಿದ್ದೇನೆ.

ಗೇಜ್ ರೂಮ್

ಅಕ್ಕ, ಸೇರಿದ್ದು ಆಗಸ್ಟ್ 17. ಈ ಆಗಸ್ಟ್ 16ಕ್ಕೆ ಐದು ವರ್ಷ ತುಂಬುತ್ತದೆ.

ಕಾಗದ ಇಂಗ್ಲಿಷಿನಲ್ಲಿದೆ. ಒಂದೇ ಪ್ಯಾರಾ. "ನನ್ನ ವೈಯಕ್ತಿಕ ಕಾರಣಗಳಿಂದ, ನನ್ನ ಕೋರಿಕೆಯ ಮೇರೆಗೆ, ಜುಲೈ 31ರಂದು ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಬೇಕೆಂದು ವಿನಂತಿಸುತ್ತೇನೆ" ಅಂತ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

ವೇಮಗಲ್ ಅಕ್ಕ

ನಾನು ಅಂದುಕೊಂಡದ್ದೇ ಆಯಿತು. "ನನ್ನ ಕೋರಿಕೆಯ ಮೇರೆಗೆ" ಅನ್ನುವ ಆ ಮೂರು ಪದಗಳನ್ನು ಇನ್ನೊಂದು ಸಲ ಓದಿ. ಕೇಳುತ್ತಿರುವುದು ಅವರು. ಕಾಗದದ ಪ್ರಕಾರ ಕೇಳಿದ್ದು ನೀವು.

ಇದರಿಂದ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಜುಲೈ 31ರಿಂದ ಆಗಸ್ಟ್ 29ರವರೆಗಿನ 29 ದಿನದ ಸಂಬಳ. ಕಂಪನಿಯೇ ನಿಮ್ಮನ್ನು ಬೇಗ ಕಳಿಸಿದರೆ ಆ ದಿನಗಳ ದುಡ್ಡು ಕೇಳಲು ನಿಮಗೆ ದಾರಿ ಇರುತ್ತದೆ. ನೀವೇ ಕೇಳಿಕೊಂಡು ಹೋದರೆ ಇರುವುದಿಲ್ಲ. ಇನ್ನೂ ಕೆಟ್ಟದೆಂದರೆ, ನೋಟಿಸ್ ಪೂರ್ತಿ ಮಾಡಿಲ್ಲ ಅಂತ ನಿಮ್ಮಿಂದಲೇ ಕಡಿತ ಮಾಡಲೂ ಅದೇ ಕಾಗದ ಸಾಕು. ಕಡಿತ ಮಾಡುವುದಿಲ್ಲ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ ಅಲ್ವಾ?

ಎರಡನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು. ಅದಕ್ಕೆ ಐದು ವರ್ಷದ ಸತತ ಸೇವೆ ಬೇಕು. ನೋಟಿಸ್‌ನಲ್ಲಿ ಕೆಲಸ ಮಾಡಿದ ದಿನಗಳೂ ಸೇವೆಯೇ. ಆಗಸ್ಟ್ 29ರವರೆಗೆ ಇದ್ದರೆ ನಿಮಗೆ ಐದು ವರ್ಷ ದಾಟಿ ಹದಿಮೂರು ದಿನ ಆಗಿರುತ್ತದೆ. ಜುಲೈ 31ಕ್ಕೆ ಹೋದರೆ ಹದಿನಾರು ದಿನ ಕಡಿಮೆ.

ನಿಮ್ಮ ಬೇಸಿಕ್ ಮತ್ತು ಡಿಎ ಸೇರಿಸಿ ಎಷ್ಟು ಬರುತ್ತದೆ?

ಗೇಜ್ ರೂಮ್

ಎರಡೂ ಸೇರಿ 26,000. ಒಟ್ಟು ಸಂಬಳ 44,000.

ಅಕ್ಕ, ನನಗೆ ಕೈಕಾಲು ತಣ್ಣಗಾಯಿತು. ಗ್ರಾಚ್ಯುಟಿ ಅನ್ನುವುದು ರಿಟೈರ್ ಆದವರಿಗೆ ಮಾತ್ರ ಅಂದುಕೊಂಡಿದ್ದೆ.

ವೇಮಗಲ್ ಅಕ್ಕ

ರಾಜೀನಾಮೆ ಕೊಟ್ಟವರಿಗೂ ಬರುತ್ತದೆ. ಲೆಕ್ಕ ಸುಲಭ. 26,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ 15,000. ಐದು ವರ್ಷಕ್ಕೆ 75,000 ರೂಪಾಯಿ. 1972ರ ಹಳೇ ಕಾಯ್ದೆಯಲ್ಲೂ ಇದೇ ಲೆಕ್ಕ ಇತ್ತು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ. ಹದಿನಾರು ದಿನ ತಾಳಿಕೊಳ್ಳುವುದಕ್ಕೆ 75,000. ಅದರ ಮೇಲೆ 29 ದಿನದ ಸಂಬಳ ಬೇರೆ.

ಅಂತರಗಂಗೆ

ಅಕ್ಕ, ಒಂದು ನಿಮಿಷ. ಐದು ವರ್ಷ ಪೂರ್ತಿ ಬೇಕಿಲ್ಲ. ನಾಲ್ಕು ವರ್ಷ 240 ದಿನ ಆದರೆ ಸಾಕು, ಗ್ರಾಚ್ಯುಟಿ ಕೊಡಲೇಬೇಕು. ಅವರಿಗೆ ಆಗಲೇ ನಾಲ್ಕು ವರ್ಷ ಹನ್ನೊಂದು ತಿಂಗಳು ಆಗಿದೆ. ಸುಮ್ನೆ ಹೆದರಿಸಬೇಡಿ.

ವೇಮಗಲ್ ಅಕ್ಕ

ಹೆದರಿಸುತ್ತಿಲ್ಲಪ್ಪ. ನೀವು ಹೇಳಿದ್ದರಲ್ಲಿ ಅರ್ಧ ಸರಿ. ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ ಆ ರೀತಿ ಹೇಳಿದೆ. ಅದನ್ನು ಹಿಡಿದು ಕೊಡುವ ಕಂಪನಿಗಳೂ ಇವೆ. ಆದರೆ ಅದು ಎಲ್ಲರೂ ಒಪ್ಪಿಕೊಂಡ ಮಾತಲ್ಲ. ನಾನು ಕೆಲಸ ಮಾಡಿದ ಎರಡು ಕಡೆ ಐದು ವರ್ಷಕ್ಕೆ ಒಂದು ದಿನ ಕಡಿಮೆ ಇದ್ದರೂ ಫೈಲ್ ವಾಪಸ್ ಬರುತ್ತಿತ್ತು. ಆಮೇಲೆ ವಾದ ಮಾಡಿಕೊಂಡು ಅಲೆಯಬೇಕು. ಇವರು 29ರವರೆಗೆ ಇದ್ದುಬಿಟ್ಟರೆ ವಾದವೇ ಬೇಕಿಲ್ಲ.

ರಜೆ ವಿಷಯಕ್ಕೂ ಹೇಳುತ್ತೇನೆ. ರಜೆ ಗಳಿಸಿದ್ದು ನಿಮ್ಮದೇ, ನಿಜ. ಆದರೆ ಯಾವ ದಿನ ತೆಗೆದುಕೊಳ್ಳುವುದು ಅನ್ನುವುದಕ್ಕೆ ಒಪ್ಪಿಗೆ ಬೇಕು. ಬಹಳ ಕಂಪನಿಗಳ ನೇಮಕಾತಿ ಪತ್ರದಲ್ಲೇ "ನೋಟಿಸ್ ಸಮಯದಲ್ಲಿ ರಜೆ ಇಲ್ಲ" ಅಥವಾ "ಎಷ್ಟು ದಿನ ರಜೆಯೋ ಅಷ್ಟು ದಿನ ನೋಟಿಸ್ ಮುಂದಕ್ಕೆ" ಅಂತ ಇರುತ್ತದೆ. ಒಪ್ಪಿಗೆ ಇಲ್ಲದೆ ಮೂರ್ನಾಲ್ಕು ದಿನ ಹೋಗದಿದ್ದರೆ ಮಾರನೇ ವಾರ ಮನೆಗೆ ಸ್ಪೀಡ್ ಪೋಸ್ಟ್ ಬರುತ್ತದೆ, ಹೇಳದೆ ಕೇಳದೆ ಗೈರು ಅಂತ. ಈಗಿನ ಪರಿಸ್ಥಿತಿಯಲ್ಲಿ ಅವರಿಗೆ ಅಂಥದ್ದೇ ಒಂದು ನೆಪ ಬೇಕಾಗಿರಬಹುದು.

ಮಾಲೂರು ಲೈನ್

ನನ್ನದೂ ನೋಟಿಸ್ ಪ್ರಶ್ನೆಯೇ. ನಾನು ಮಾಲೂರಿನ ಒಂದು ಕಂಪನಿಯಲ್ಲಿ ಅಸೆಂಬ್ಲಿ ಲೈನ್‌ನಲ್ಲಿದ್ದೆ, ಕಾಂಟ್ರಾಕ್ಟರ್ ಕಡೆಯಿಂದ. ಏಪ್ರಿಲ್‌ನಲ್ಲಿ ಬಿಟ್ಟೆ. ಮಗುವಿಗೆ ಹುಷಾರಿರಲಿಲ್ಲ. ಈಗ ಪಿಎಫ್ ತೆಗೆಯಲು ಹೋದರೆ ಆಗುತ್ತಿಲ್ಲ. ಕಂಪ್ಯೂಟರ್ ಅಂಗಡಿಯವರು "ನೀವು ಇನ್ನೂ ಕೆಲಸದಲ್ಲೇ ಇದ್ದೀರಿ ಅಂತ ತೋರಿಸ್ತಿದೆ" ಅನ್ನುತ್ತಾರೆ. ಕಾಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ನಾನು ನೋಟಿಸ್ ಕೊಡದೆ ಬಿಟ್ಟಿದ್ದಕ್ಕೆ ಹೀಗೆ ಮಾಡಿದ್ದಾರಾ?

ವೇಮಗಲ್ ಅಕ್ಕ

ತಂಗಿ, ನಿಮ್ಮದು ಬೇರೆ ವಿಷಯ, ಆದರೂ ಹೇಳುತ್ತೇನೆ. ನೀವು ಬಿಟ್ಟ ತಾರೀಖನ್ನು ಅವರು ಪಿಎಫ್‌ನಲ್ಲಿ ಹಾಕಿಲ್ಲ. ಅವರನ್ನು ಕಾಯಬೇಕಿಲ್ಲ. ಕೊನೆಯ ಸಲ ಪಿಎಫ್ ಕಟ್ಟಿ ಎರಡು ತಿಂಗಳು ಆದ ಮೇಲೆ ನೀವೇ ಹಾಕಬಹುದು. ಅದೇ ಕಂಪ್ಯೂಟರ್ ಅಂಗಡಿಗೆ ಆಧಾರ್‌ಗೆ ಸೇರಿಸಿದ ಮೊಬೈಲ್ ತೆಗೆದುಕೊಂಡು ಹೋಗಿ. ಪಿಎಫ್ ಸೈಟ್‌ನಲ್ಲಿ ನಿಮ್ಮ ಪಿಎಫ್ ನಂಬರ್ ಯುಎಎನ್ ಹಾಕಿ ಒಳಗೆ ಹೋದ ಮೇಲೆ `Manage` ಅಂತ ಇರುತ್ತದೆ, ಅದರಲ್ಲಿ `Mark Exit`. ಅಲ್ಲಿ ಆ ಕಂಪನಿಯನ್ನು ಆರಿಸಿ, ತಾರೀಖು, ಕಾರಣ ಹಾಕಿದರೆ ಮೊಬೈಲ್‌ಗೆ ಒಟಿಪಿ ಬರುತ್ತದೆ. ತಾರೀಖು ಸರಿಯಾಗಿ ನೋಡಿ ಹಾಕಿ. ಒಂದು ಸಲ ಹಾಕಿದರೆ ಆಮೇಲೆ ತಿದ್ದುವುದು ಸುಲಭವಲ್ಲ.

ಗೇಜ್ ರೂಮ್ ಅವರೂ ಇದನ್ನು ನೆನಪಿಟ್ಟುಕೊಳ್ಳಲಿ.

ಮಾಲೂರು ಲೈನ್

ಆಯ್ತಕ್ಕ. ಭಾನುವಾರ ಹೋಗುತ್ತೇನೆ.

ಹಳೇ ಶಿಫ್ಟ್

ನಾನು ಆ ಕಡೆಯವನು, ಪ್ರೊಡಕ್ಷನ್ ಮ್ಯಾನೇಜರ್. ನನ್ನನ್ನು ಬೈಯುವ ಮುಂಚೆ ಒಂದು ಮಾತು ಕೇಳಿ.

ನಿಮ್ಮ ಮ್ಯಾನೇಜರ್‌ಗೆ ಗ್ರಾಚ್ಯುಟಿ ಲೆಕ್ಕ ತಲೆಯಲ್ಲಿರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆ ದುಡ್ಡು ಅವರ ಜೇಬಿನದ್ದಲ್ಲ. ನಾನು ಒಬ್ಬ ಹುಡುಗನ ಮೇಲೆ ಹೀಗೆ ಕೋಪ ಮಾಡಿಕೊಂಡಿದ್ದೆ. ಅವನು ಹೋದದ್ದಕ್ಕಲ್ಲ. ಅವನ ಜಾಗಕ್ಕೆ ಇನ್ನೊಬ್ಬರನ್ನು ಕೇಳಿದರೆ ಮೇಲಿನವರು "ಇರೋರಲ್ಲೇ ನಡೆಸು" ಅಂದಿದ್ದರು. ಅವನ ಮುಖ ಕಂಡರೆ ನನಗೆ ಬರುವ ತಿಂಗಳ ಕೆಲಸ ಕಾಣುತ್ತಿತ್ತು. ಅದು ನನ್ನ ತಪ್ಪೇ, ಒಪ್ಪುತ್ತೇನೆ.

ಒಂದು ಪ್ರಶ್ನೆ. ಆಗಸ್ಟ್‌ನಲ್ಲಿ ನಿಮ್ಮಲ್ಲಿ ಆಡಿಟ್ ಏನಾದರೂ ಇದೆಯಾ?

ಗೇಜ್ ರೂಮ್

ಇದೆ ಸರ್. ಆಗಸ್ಟ್ 20, 21ಕ್ಕೆ ಗ್ರಾಹಕ ಕಂಪನಿಯವರ ಆಡಿಟ್. ಅಳತೆ ಮಾಡುವ ಗೇಜ್‌ಗಳ ಕ್ಯಾಲಿಬ್ರೇಶನ್ ಪೂರ್ತಿ ನನ್ನದೇ. ಒಟ್ಟು 64 ಗೇಜ್. ನನ್ನ ಜೊತೆ ಇರುವುದು ಒಬ್ಬ ಟ್ರೇನಿ, ಸೇರಿ ನಾಲ್ಕು ತಿಂಗಳಾಗಿದೆ.

ಹಳೇ ಶಿಫ್ಟ್

ಹಾಗಾದರೆ ಒಂದು ವಿಚಿತ್ರ ನೋಡಿ. ಆಡಿಟ್ ಇಟ್ಟುಕೊಂಡು ಯಾವ ಮ್ಯಾನೇಜರೂ ಕ್ಯಾಲಿಬ್ರೇಶನ್ ನೋಡುವವನನ್ನು 31ಕ್ಕೇ ಕಳಿಸುವುದಿಲ್ಲ. ಒಂದೋ ಅದು ಕೋಪದಲ್ಲಿ ಆಡಿದ ಮಾತು, ಇಲ್ಲವೇ ಮೇಲಿನಿಂದ ಬಂದದ್ದು. ಆಡಿಟ್‌ನಲ್ಲಿ ತಪ್ಪು ಸಿಕ್ಕರೆ "ಹೋದವನು ಮಾಡಿದ್ದು" ಅಂತ ಹೇಳಲೂ ಅನುಕೂಲ.

ನೀವು ಅವರಿಗೆ ಆಡಿಟ್‌ನ ಭಯ ತೆಗೆದುಹಾಕಿ. "ಸರ್, 14ರೊಳಗೆ 64 ಗೇಜ್‌ಗಳ ಫೈಲನ್ನೂ ಆಡಿಟ್‌ಗೆ ಸಿದ್ಧ ಮಾಡಿ, ಟ್ರೇನಿ ಕೈಯಲ್ಲೇ ಒಂದು ಸಲ ನಿಮ್ಮ ಮುಂದೆ ಹೇಳಿಸುತ್ತೇನೆ" ಅನ್ನಿ. ಮಾತಲ್ಲಿ ಬೇಡ, ತಾರೀಖು ಹಾಕಿ ಮೇಲ್ ಕಳಿಸಿ.

ವೇಮಗಲ್ ಅಕ್ಕ

ಹಳೇ ಶಿಫ್ಟ್ ಸರ್ ಹೇಳಿದ್ದು ಒಳ್ಳೆಯ ಮಾತು. ಗ್ರಾಚ್ಯುಟಿ ಅವರ ತಲೆಯಲ್ಲಿ ಇರಲಿಕ್ಕಿಲ್ಲ ಅನ್ನುವುದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಮ್ಯಾನೇಜರ್ ತಲೆಯಲ್ಲಿ ಇಲ್ಲದಿದ್ದರೂ ಆ ಕಾಗದವನ್ನು ಟೈಪ್ ಮಾಡಿದವರ ತಲೆಯಲ್ಲಿ ಇದ್ದಿರಬಹುದು. ಕಾರಣ ಏನೇ ಇರಲಿ, ಉತ್ತರ ಒಂದೇ.

ನಾಳೆ ಬೆಳಿಗ್ಗೆ ಒಂದು ಮೇಲ್ ಕಳಿಸಿ. ಮ್ಯಾನೇಜರ್‌ಗೆ ಕಳಿಸಿ, ಎಚ್‌ಆರ್‌ಗೆ ಪ್ರತಿ ಇರಲಿ. ನಾಲ್ಕು ಸಾಲು ಸಾಕು, ದೂರು ಬೇಡ. "ಜುಲೈ 22ರಂದು ನನ್ನನ್ನು 31ಕ್ಕೆ ಬಿಡುಗಡೆ ಮಾಡುವ ಬಗ್ಗೆ ತಾವು ಮಾತಾಡಿದಿರಿ. ನಾನು ಬೇಗ ಬಿಡುಗಡೆ ಕೋರಿಲ್ಲ. ಒಪ್ಪಿಗೆಯಾದಂತೆ ಆಗಸ್ಟ್ 29ರವರೆಗೆ ಕೆಲಸ ಮಾಡಲು ಸಿದ್ಧನಿದ್ದೇನೆ. ಕಂಪನಿಯೇ ಬೇಗ ಬಿಡಲು ಬಯಸಿದರೆ, ಉಳಿದ ನೋಟಿಸ್ ದಿನಗಳ ಸಂಬಳದೊಂದಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ." ಅಷ್ಟೇ. ಗ್ರಾಚ್ಯುಟಿ ಪದವನ್ನು ಈಗ ಎತ್ತಲೇಬೇಡಿ.

ಈ ಮೇಲ್ ಕಳಿಸಿದ ಮಾತ್ರಕ್ಕೆ ಅವರು ನಿಮ್ಮನ್ನು 31ಕ್ಕೆ ಕಳಿಸಲು ಆಗುವುದೇ ಇಲ್ಲ ಅಂತಲ್ಲ. ಕಳಿಸಬಹುದು. ಆದರೆ ಆಗ ಕಳಿಸಿದ್ದು ಅವರು ಅನ್ನುವುದು ಕಾಗದದಲ್ಲಿ ಉಳಿಯುತ್ತದೆ. ಹೊಣೆ ಹೊರಲು ಬಹಳ ಜನ ಮುಂದೆ ಬರುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಇನ್ನು ಮೇಲೆ ನಿಮ್ಮನ್ನು ಕೆರಳಿಸುವ ಪ್ರಯತ್ನ ಜಾಸ್ತಿ ಆಗಬಹುದು. ಗ್ರಾಚ್ಯುಟಿಯನ್ನು ತಡೆಯಲು ಕಾನೂನಿನಲ್ಲಿ ದಾರಿ ಬಹಳ ಕಡಿಮೆ. ತಪ್ಪಿಗಾಗಿ ಕೆಲಸದಿಂದಲೇ ತೆಗೆದರೆ ಆ ದಾರಿ ತೆರೆಯುತ್ತದೆ. ಅದರಲ್ಲೂ ಗಲಾಟೆ, ಹೊಡೆದಾಟದಂಥ ಕಾರಣಕ್ಕೆ ತೆಗೆದರೆ ಪೂರ್ತಿ ಹೋಗಬಹುದು. ನೋಟಿಸ್‌ನಲ್ಲಿರುವಾಗಲೂ ಶೋಕಾಸ್ ಕೊಡಬಹುದು. ಹಾಗಾಗಿ ಮೀಟಿಂಗ್‌ನಲ್ಲಿ ಏನೇ ಅಂದರೂ ನಿಮ್ಮ ಧ್ವನಿ ಏರಬಾರದು. ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ದುಡ್ಡಿನ ಪ್ರಶ್ನೆಯೂ ಹೌದು.

ಬಂಗಾರಪೇಟೆ ಪ್ಯಾಸೆಂಜರ್

ಮೇಲೆ ನಾನು ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೆ. ಈಗ ಹೇಳುತ್ತೇನೆ. ಐಡಿ ಕಾರ್ಡ್ ಎಸೆದು ಬಂದ ಮೇಲೆ ನನಗೆ ರಿಲೀವಿಂಗ್ ಲೆಟರ್ ಸಿಗಲಿಲ್ಲ. ಮೂರು ವರ್ಷದ ಅನುಭವವನ್ನು ಬಯೋಡೇಟಾದಲ್ಲಿ ಹಾಕಿದರೆ ಪತ್ರ ಕೇಳುತ್ತಿದ್ದರು, ಹಾಕದಿದ್ದರೆ ಆ ಮೂರು ವರ್ಷ ಎಲ್ಲಿದ್ದೆ ಅಂತ ಕೇಳುತ್ತಿದ್ದರು. ಎರಡು ಕೆಲಸ ಕೈತಪ್ಪಿದವು. ಅಕ್ಕ ಹೇಳಿದ ಹಾಗೆ ಮಾಡಿ.

ಗೇಜ್ ರೂಮ್ (ಜುಲೈ 24)

ಬೆಳಿಗ್ಗೆ 8:40ಕ್ಕೆ ಮೇಲ್ ಕಳಿಸಿದೆ. ಒಂಬತ್ತರ ಮೀಟಿಂಗ್‌ನಲ್ಲಿ "ಈಗ ಲಾಯರ್ ಆಗಿದ್ದೀಯಾ" ಅಂದರು. ನಾನು "ಇಲ್ಲ ಸರ್, ಬಾಯಲ್ಲಿ ಹೇಳಿದ್ದು ಮರೆತುಹೋಗಬಾರದು ಅಂತ ಬರೆದೆ ಅಷ್ಟೇ" ಅಂದೆ. ಕೈ ನಡುಗುತ್ತಿತ್ತು. ಮೇಜಿನ ಕೆಳಗೆ ಇಟ್ಟುಕೊಂಡೆ.

ಸಂಜೆ ಎಚ್‌ಆರ್ ಹುಡುಗಿ ಫೋನ್ ಮಾಡಿ "29ನೇ ತಾರೀಖೇ ಇರಲಿ ಬಿಡಿ" ಅಂದಳು. ಮೇಲ್‌ನಲ್ಲಿ ಹಾಕಿ ಅಂದೆ. ಒಂದು ಸಾಲಿನ ಮೇಲ್ ಬಂತು.

ಗೇಜ್ ರೂಮ್ (ಆಗಸ್ಟ್ 6)

ಹೊಸ ತಲೆನೋವು. ಹ್ಯಾಂಡೋವರ್ ಶುರು ಮಾಡಿದೆ. ಇವತ್ತು ಮ್ಯಾನೇಜರ್ ಎಲ್ಲರ ಮುಂದೆ "ಎರಡು ಗೇಜ್ ಕಾಣ್ತಿಲ್ಲ. ಒಂದು 0ಯಿಂದ 25 ಮಿಲಿಮೀಟರ್ ಮೈಕ್ರೋಮೀಟರ್, ಒಂದು ಪ್ಲಗ್ ಗೇಜ್. ನೋ ಡ್ಯೂಸ್ ಹೇಗೆ ಮಾಡ್ತೀಯಾ ನೋಡ್ತೀನಿ" ಅಂದರು. ಕದ್ದವನ ಹಾಗೆ ನೋಡಿದರು. ಐದು ವರ್ಷದಲ್ಲಿ ಒಂದು ಸ್ಟೀಲ್ ಸ್ಕೇಲ್ ಕೂಡ ಮನೆಗೆ ತಂದವನಲ್ಲ ನಾನು. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹಳೇ ಶಿಫ್ಟ್

ಬೇಜಾರು ಮಾಡಿಕೊಳ್ಳಬೇಡಿ. ಗೇಜ್ ಎಲ್ಲಿಗೆ ಹೋದರೂ ಒಂದು ಗುರುತು ಬಿಟ್ಟೇ ಹೋಗಿರುತ್ತದೆ. ಮೂರು ಕಡೆ ಹುಡುಕಿ. ಇಶ್ಯೂ ರಿಜಿಸ್ಟರ್‌ನಲ್ಲಿ ಕೊನೆಯ ಸಲ ಯಾವ ಲೈನ್‌ಗೆ ಹೋಯಿತು, ಯಾರ ಸಹಿ ಇದೆ. ಸೆಕ್ಯೂರಿಟಿ ಗೇಟ್‌ನಲ್ಲಿ ಹೊರಗೆ ಕಳಿಸಿದ ಗೇಟ್‌ಪಾಸ್ ಪುಸ್ತಕ. ಆಮೇಲೆ ಸ್ಕ್ರ್ಯಾಪ್ ಮಾಡಿದ ಪಟ್ಟಿ. ಕ್ಯಾಲಿಬ್ರೇಶನ್‌ಗೆ ಹೊರಗಿನ ಲ್ಯಾಬ್‌ಗೆ ಹೋಗಿ ಅಲ್ಲೇ ಉಳಿದಿರುವುದು ಬಹಳ ಸಾಮಾನ್ಯ.

ಮತ್ತೆ ಒಬ್ಬರೇ ಹುಡುಕಬೇಡಿ. ಸ್ಟೋರ್ಸ್‌ನವರನ್ನು ಜೊತೆಗೆ ಕರೆದುಕೊಳ್ಳಿ.

ವೇಮಗಲ್ ಅಕ್ಕ

ಹುಡುಕುವಾಗ ಒಂದು ತಪ್ಪು ಮಾಡಬೇಡಿ. ಸಾಕ್ಷಿ ಇರಲಿ ಅಂತ ಕಂಪನಿಯ ಡ್ರಾಯಿಂಗ್, ರಿಪೋರ್ಟ್, ರಿಜಿಸ್ಟರ್ ಹಾಳೆಗಳನ್ನು ನಿಮ್ಮ ಸ್ವಂತ ಮೇಲ್‌ಗೋ ವಾಟ್ಸ್ಆ್ಯಪ್‌ಗೋ ಕಳಿಸಿಕೊಳ್ಳಬೇಡಿ. ಎಷ್ಟೋ ಹುಡುಗರು ಇದರಲ್ಲೇ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ. ಅಲ್ಲಿಯವರೆಗೆ ತಪ್ಪೇ ಇಲ್ಲದವನ ಮೇಲೆ ಆವತ್ತು ನಿಜವಾದ ತಪ್ಪು ಸಿಗುತ್ತದೆ. ಕಂಪನಿ ದಾಖಲೆ ಕಂಪನಿ ಮೇಲ್‌ನಲ್ಲೇ ಓಡಾಡಲಿ, ಎಚ್‌ಆರ್‌ಗೆ ಪ್ರತಿ ಹೋದರೆ ಅದೇ ಸಾಕ್ಷಿ. ನಿಮ್ಮ ಹತ್ತಿರ ಒಂದು ಡೈರಿಯಲ್ಲಿ ತಾರೀಖು, ಹೊತ್ತು, ಯಾರು ಏನಂದರು ಅನ್ನುವುದಷ್ಟೇ ಬರೆದಿಡಿ.

ನಿಮ್ಮವೇ ಆದ ಕಾಗದಗಳನ್ನು ಮಾತ್ರ ಈಗಲೇ ಇಳಿಸಿಕೊಳ್ಳಿ. ನೇಮಕಾತಿ ಪತ್ರ, ಸಂಬಳ ಏರಿಸಿದ ಪತ್ರಗಳು, ಪೇಸ್ಲಿಪ್, ಫಾರ್ಮ್ 16, ರಾಜೀನಾಮೆ ಮತ್ತು ಒಪ್ಪಿಗೆ. ಕೊನೆ ದಿನ ಸಂಜೆ ಐದಕ್ಕೆ ನಿಮ್ಮ ಲಾಗಿನ್ ಸತ್ತುಹೋಗುತ್ತದೆ. ಆಮೇಲೆ ಒಂದೊಂದು ಪೇಸ್ಲಿಪ್‌ಗೂ ಫೋನ್ ಮಾಡಿಕೊಂಡು ಕೂರಬೇಕು.

ಗೇಜ್ ರೂಮ್ (ಆಗಸ್ಟ್ 8)

ಸಿಕ್ಕಿತು! ಒಂದು ಸಿಕ್ಕಿತು, ಇನ್ನೊಂದರ ಗುರುತು ಸಿಕ್ಕಿತು.

ಸ್ಟೋರ್ಸ್‌ನ ಅಣ್ಣನ ಜೊತೆ ಕೂತು ಒಂದೊಂದೇ ಗೇಜ್ ತೆಗೆದು, ಮೇಲೆ ಕೊರೆದ ನಂಬರ್ ಓದಿ, ಕ್ಯಾಲಿಬ್ರೇಶನ್ ಸ್ಟಿಕ್ಕರ್‌ನ ತಾರೀಖು ನೋಡಿ ಪಟ್ಟಿಯಲ್ಲಿ ಗುರುತು ಹಾಕಿದೆವು. 62 ಬಂತು. ಮೈಕ್ರೋಮೀಟರ್ ಎರಡನೇ ಲೈನ್‌ನ ಟೂಲ್ ಡಬ್ಬಿಯ ತಳದಲ್ಲಿತ್ತು, ಎಣ್ಣೆ ಬಟ್ಟೆ ಸುತ್ತಿದ್ದರು. ಮಾರ್ಚ್‌ನಲ್ಲಿ ಇಶ್ಯೂ ಆದದ್ದು, ಆ ಲೈನ್‌ನ ಸೂಪರ್‌ವೈಸರ್ ಸಹಿ ರಿಜಿಸ್ಟರ್‌ನಲ್ಲೇ ಇದೆ. ಪ್ಲಗ್ ಗೇಜ್ ಕ್ಯಾಲಿಬ್ರೇಶನ್ ಲ್ಯಾಬ್‌ಗೆ ಹೋದದ್ದು ವಾಪಸ್ ಬಂದಿಲ್ಲ. ಗೇಟ್‌ಪಾಸ್ ಪುಸ್ತಕದಲ್ಲಿ ಹಳದಿ ಪ್ರತಿ ಹಾಗೇ ಇತ್ತು, "ವಾಪಸ್ ಬಂದ ದಿನ" ಅನ್ನುವ ಜಾಗ ಖಾಲಿ. ಲ್ಯಾಬ್‌ಗೆ ಫೋನ್ ಮಾಡಿದರೆ "ನಿಮ್ಮ ಕಡೆಯಿಂದ ಹಳೇ ಬಿಲ್ ಬಾಕಿ, ಅದಕ್ಕೆ ಇಟ್ಟುಕೊಂಡಿದ್ದೇವೆ" ಅಂದರು.

ಪಟ್ಟಿಯ ಪ್ರತಿ ಹಾಳೆಗೂ ನಾನು, ಸ್ಟೋರ್ಸ್ ಅಣ್ಣ, ಟ್ರೇನಿ ಮೂವರೂ ಸಹಿ ಹಾಕಿದೆವು. ಮ್ಯಾನೇಜರ್ ಸಹಿ ಹಾಕಲಿಲ್ಲ. "ಇಟ್ಟು ಹೋಗು" ಅಂದರು.

ವೇಮಗಲ್ ಅಕ್ಕ

ಸಹಿಗಾಗಿ ಅವರ ಹಿಂದೆ ಓಡಾಡಬೇಡಿ. ಸ್ಕ್ಯಾನ್ ಮಾಡಿ ಕಂಪನಿ ಮೇಲ್‌ನಲ್ಲೇ ಅವರಿಗೂ ಎಚ್‌ಆರ್‌ಗೂ ಕಳಿಸಿ. "64ರಲ್ಲಿ 63 ಗೇಜ್ ಒಪ್ಪಿಸಿದ್ದೇನೆ, ಒಂದು ಲ್ಯಾಬ್‌ನಲ್ಲಿದೆ, ಗೇಟ್‌ಪಾಸ್ ನಂಬರ್ ಇದು. ಏನಾದರೂ ತಿದ್ದುವುದಿದ್ದರೆ 14ರೊಳಗೆ ತಿಳಿಸಿ, ನಾನಿರುವಾಗಲೇ ಸರಿಪಡಿಸುತ್ತೇನೆ" ಅಂತ ಬರೆಯಿರಿ. "ತಿಳಿಸದಿದ್ದರೆ ಒಪ್ಪಿದ ಹಾಗೆ" ಅನ್ನುವ ಸಾಲು ಹಾಕಬೇಡಿ. ಅದು ಸವಾಲು ಹಾಕಿದ ಹಾಗೆ ಕಾಣುತ್ತದೆ, ಅದರಿಂದ ಲಾಭವೂ ಇಲ್ಲ.

ಅಂತರಗಂಗೆ

ಅಕ್ಕ, ಒಂದು ಕೇಳಲಾ. ಇಷ್ಟೆಲ್ಲ ಹಿಂಸೆ ಕೊಟ್ಟವರಿಗೆ ಆಡಿಟ್ ಫೈಲ್ ಯಾಕೆ ಮಾಡಿಕೊಡಬೇಕು? ನೋಟಿಸ್‌ನಲ್ಲಿ ಹಾಜರಿ ಹಾಕಿದರೆ ಸಾಲದೇ?

ಹಳೇ ಶಿಫ್ಟ್

ಆಡಿಟ್‌ನಲ್ಲಿ ಉತ್ತರ ಕೊಡುವವನು ಆ ಟ್ರೇನಿ ಹುಡುಗ. ಫೈಲ್ ಸರಿ ಇಲ್ಲದಿದ್ದರೆ ಬೈಸಿಕೊಳ್ಳುವವನೂ ಅವನೇ. ಮ್ಯಾನೇಜರ್‌ಗಾಗಿ ಅಲ್ಲ, ಅವನಿಗಾಗಿ ಮಾಡಲಿ.

ಗೇಜ್ ರೂಮ್ (ಆಗಸ್ಟ್ 21, ರಾತ್ರಿ)

ಇವತ್ತು ಆಡಿಟ್ ಮುಗಿಯಿತು. ಆಡಿಟರ್ ಐದು ಗೇಜ್ ನಂಬರ್ ಹೇಳಿದರು, ಸರ್ಟಿಫಿಕೇಟ್ ತೋರಿಸಿ ಅಂದರು. ಟ್ರೇನಿ ಒಂದೊಂದನ್ನೂ ಅರ್ಧ ನಿಮಿಷದಲ್ಲಿ ತೆಗೆದುಕೊಟ್ಟ. ನಾನು ಹಿಂದೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಲ್ಯಾಬ್‌ನಲ್ಲಿದ್ದ ಪ್ಲಗ್ ಗೇಜ್ ಬಗ್ಗೆಯೂ ಕೇಳಿದರು, ಗೇಟ್‌ಪಾಸ್ ತೋರಿಸಿದ. ಅದಕ್ಕೊಂದು ಸಣ್ಣ ಟಿಪ್ಪಣಿ ಬರೆದುಕೊಂಡರು, ಅಷ್ಟೇ.

ಮ್ಯಾನೇಜರ್ ನನಗೆ ಏನೂ ಹೇಳಲಿಲ್ಲ. ಆದರೆ ಇವತ್ತಿನ ಮೀಟಿಂಗ್‌ನಲ್ಲಿ ಬೈಯಲೂ ಇಲ್ಲ.

ಮಾಲೂರು ಲೈನ್

ಅಣ್ಣ, ಒಳ್ಳೆಯದಾಯಿತು. ನನ್ನದೂ ತಾರೀಖು ಹಾಕಿಸಿದೆ. ಅಕ್ಕ ಹೇಳಿದ ಜಾಗದಲ್ಲೇ ಇತ್ತು. ಪಿಎಫ್‌ಗೆ ಅರ್ಜಿ ಹಾಕಿದ್ದೇನೆ. ಬ್ಯಾಂಕ್ ಖಾತೆಯಲ್ಲಿ ಹೆಸರಿನ ಒಂದು ಅಕ್ಷರ ಬೇರೆ ಇದೆ, ಅದಕ್ಕೆ ಏನಾಗುತ್ತೋ ನೋಡಬೇಕು.

ಗೇಜ್ ರೂಮ್ (ಆಗಸ್ಟ್ 30)

ನಿನ್ನೆ ಕೊನೆ ದಿನ ಮುಗಿಯಿತು. ನೋ ಡ್ಯೂಸ್ ಹಾಳೆಯಲ್ಲಿ ಸ್ಟೋರ್ಸ್, ಕ್ಯಾಂಟೀನ್, ಐಟಿ, ಅಕೌಂಟ್ಸ್ ಎಲ್ಲರ ಸಹಿ ಮಧ್ಯಾಹ್ನದೊಳಗೆ ಆಯಿತು. ಮ್ಯಾನೇಜರ್ ಸಹಿ ಉಳಿದಿತ್ತು. ಅವರು ಮೂರು ಗಂಟೆವರೆಗೂ ಶಾಪ್ ಫ್ಲೋರ್‌ನಲ್ಲೇ ಇದ್ದರು. ನಾನು ಅವರ ಮೇಜಿನ ಹತ್ತಿರ ಹೋಗಿ ಕೂತೆ. ಬಂದರು, ಹಾಳೆ ಓದಲಿಲ್ಲ, ಸಹಿ ಹಾಕಿದರು. "ಪ್ಲಗ್ ಗೇಜ್ ನಿನ್ನೆ ಬಂತು" ಅಂದರು. "ಒಳ್ಳೆಯದಾಯ್ತು ಸರ್" ಅಂದೆ. ಇಬ್ಬರೂ ಮುಂದೆ ಏನೂ ಮಾತಾಡಲಿಲ್ಲ. ಹೊರಡುವಾಗ ನಮಸ್ಕಾರ ಮಾಡಿದೆ, ತಲೆ ಆಡಿಸಿದರು.

ರಿಲೀವಿಂಗ್ ಲೆಟರ್ ಸಂಜೆಯೇ ಮೇಲ್‌ಗೆ ಬಂತು. ತಾರೀಖು ಸರಿಯಾಗಿದೆ, ಆಗಸ್ಟ್ 17ರಿಂದ ಆಗಸ್ಟ್ 29ರವರೆಗೆ ಅಂತ. ಆದರೆ ಫುಲ್ ಅಂಡ್ ಫೈನಲ್ 45 ದಿನದ ಮೇಲೆ ಅಂದಿದ್ದಾರೆ. ಗ್ರಾಚ್ಯುಟಿ ಕೇಳಿದ್ದಕ್ಕೆ ಎಚ್‌ಆರ್ ಹುಡುಗಿ "ಹೆಡ್ ಆಫೀಸ್‌ನಲ್ಲಿ ಕೇಳಬೇಕು" ಅಂದಳು.

ವೇಮಗಲ್ ಅಕ್ಕ

45 ದಿನ ಅನ್ನುವುದು ಅವರ ಹಳೇ ರೂಢಿ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತಿದೆ. ನೆಲದ ಮೇಲೆ ಎಷ್ಟು ಕಂಪನಿ ಹಾಗೆ ಕೊಡುತ್ತಿವೆ ಅನ್ನುವುದು ಬೇರೆ ಮಾತು. ಸೋಮವಾರ ಆ ಸಾಲನ್ನು ಉಲ್ಲೇಖಿಸಿ ವಿನಯವಾಗಿ ಒಂದು ಮೇಲ್ ಹಾಕಿ.

ಗ್ರಾಚ್ಯುಟಿಗೆ ಬೇರೆ ಅರ್ಜಿಯನ್ನೇ ಕೊಡಿ, ಮಾತಲ್ಲಿ ಕೇಳಬೇಡಿ. ಸೇರಿದ ದಿನ, ಬಿಟ್ಟ ದಿನ, ಕೊನೆಯ ಬೇಸಿಕ್ ಮತ್ತು ಡಿಎ, ಬ್ಯಾಂಕ್ ಖಾತೆ ಎಲ್ಲ ಬರೆದು, ರಿಲೀವಿಂಗ್ ಲೆಟರ್ ಪ್ರತಿ ಜೋಡಿಸಿ, ಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಅವರಿಗೆ 30 ದಿನ ಇದೆ. ಅದು ದಾಟಿದರೆ ಬಡ್ಡಿ ಸಮೇತ ಕೊಡಬೇಕು. ಆಗಲೂ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು.

ಅಂತರಗಂಗೆ

ಅಕ್ಕ, ನನಗೂ ಒಂದು ಅನುಮಾನ. ನನ್ನದು ನಾಲ್ಕು ವರ್ಷ ಒಂಬತ್ತು ತಿಂಗಳಿಗೆ ಬಿಟ್ಟದ್ದು, ಹೋದ ವರ್ಷ. 240 ದಿನದ ಲೆಕ್ಕ ಇಟ್ಟುಕೊಂಡು ಈಗಲೂ ಕೇಳಬಹುದಾ?

ವೇಮಗಲ್ ಅಕ್ಕ

ಕೇಳಿ ನೋಡಿ, ತಪ್ಪೇನಿಲ್ಲ. ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ನಿಮ್ಮ ಹಾಜರಿ, ಬಿಟ್ಟ ತಾರೀಖು ಎಲ್ಲ ಹಾಕಿ ಬೇರೆ ಪೋಸ್ಟ್ ಮಾಡಿ, ನೋಡೋಣ.

ಗೇಜ್ ರೂಮ್ (ಸೆಪ್ಟೆಂಬರ್ 4)

ಕೋಲಾರದ ಹೆಡ್ ಪೋಸ್ಟ್ ಆಫೀಸಿನಿಂದ ಇವತ್ತು ಅರ್ಜಿ ಕಳಿಸಿದೆ. ರಸೀದಿಯನ್ನು ರಿಲೀವಿಂಗ್ ಲೆಟರ್ ಜೊತೆ ಇಟ್ಟಿದ್ದೇನೆ. ಬಾಕಿ ಸಂಬಳ ಇನ್ನೂ ಬಂದಿಲ್ಲ. ಟ್ರೇನಿ ಹುಡುಗ ಬೆಳಿಗ್ಗೆ ಫೋನ್ ಮಾಡಿದ್ದ. ಮುಂದಿನ ತಿಂಗಳು ಕ್ಯಾಲಿಬ್ರೇಶನ್‌ಗೆ ಕಳಿಸಬೇಕಾದ ಗೇಜ್‌ಗಳ ಪಟ್ಟಿ ಎಲ್ಲಿದೆ ಅಂತ ಕೇಳಿದ. ಎರಡನೇ ಕಪಾಟಿನ ನೀಲಿ ಫೈಲ್‌ನಲ್ಲಿ, ಮೂರನೇ ಹಾಳೆ ಅಂದೆ. ಸಿಕ್ಕಿತು ಅಂತ ಮೆಸೇಜ್ ಹಾಕಿದ.